ಕಾಫಿ ............ 180

"ಏನೋ ಇದು, ಕಾಫಿಗೆ ಏರ್‌ಪೋರ್ಟ್ ರೇಟು ಹಾಕಿದೀಯ?" ಅಂದರು ಭಾವ.

ಅವರ ಕೈಯಲ್ಲಿದ್ದ ಹಾಳೆಯಲ್ಲಿ ಕಾಫಿಗೆ 180 ರೂಪಾಯಿ ಎಂದಿತ್ತು. ಪನೀರ್ ಬಟರ್ ಮಸಾಲ 40ಕ್ಕೆ ಇಳಿದಿತ್ತು. ಇಡ್ಲಿಗೆ ಬೆಲೆಯೇ ಇರಲಿಲ್ಲ. ಹಾಳೆಯ ಬಲತುದಿಯಲ್ಲಿ ಯಾರಿಗೂ ಸೇರದ ಒಂದು 20 ಒಂಟಿಯಾಗಿ ನಿಂತಿತ್ತು.

ಭಾವನದು ತಾಲ್ಲೂಕು ಊರಿನ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲು. ಹೊಸದಾಗಿ ಬಿಲ್ಲಿಂಗ್ ಮೆಷಿನ್ ತಂದಿದ್ದರು. ತಿಂಡಿಗಳ ಹೆಸರು, ಬೆಲೆ ಎರಡನ್ನೂ ಪಟ್ಟಿ ಮಾಡಿ ಕೊಟ್ಟರೆ ಅದರೊಳಗೆ ತುಂಬಿಕೊಡುತ್ತೇವೆ ಎಂದು ಮಾರಿದವರು ಹೇಳಿ ಹೋಗಿದ್ದರು. ಮೆನು ಕಾರ್ಡು ಮಾಡಿಕೊಟ್ಟಿದ್ದ ಡಿಟಿಪಿ ಅಂಗಡಿ ಮುಚ್ಚಿ ವರ್ಷಗಳಾಗಿವೆ, ಅದರ ಫೈಲು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಉಳಿದದ್ದು ಲ್ಯಾಮಿನೇಷನ್ ಮಾಡಿದ ಒಂದು ಎ4 ಕಾರ್ಡು. "ಫೋಟೋ ತೆಗೆದರೆ ಕಂಪ್ಯೂಟರೇ ಓದಿಕೊಳ್ಳುತ್ತೆ, ಬಿಡಿ ಭಾವ" ಎಂದು ಬೀಗಿದವನು ನಾನೇ.

ಕಾರ್ಡು ನಿಮಗೂ ಪರಿಚಯದ್ದೇ. ಮೂರು ಸಾಲುಗಂಬಗಳು. ಎಡಗಡೆ ತಿಂಡಿ, ನಡುವೆ ಊಟದ ಐಟಂಗಳು, ಬಲಗಡೆ ಕಾಫಿ, ಟೀ, ಜ್ಯೂಸು, ಸಿಹಿ. ಒಂದೊಂದು ಕಂಬದಲ್ಲೂ ಹದಿನಾರು ಹೆಸರು. ಹೆಸರಿನಿಂದ ಬೆಲೆಯವರೆಗೆ ಇರುವೆ ಸಾಲಿನಂತೆ ಚುಕ್ಕಿಗಳು. ಮೊದಲ ಸಾಲು ಹೀಗಿತ್ತು: ಇಡ್ಲಿ ಚುಕ್ಕಿ ಚುಕ್ಕಿ 40, ಪನೀರ್ ಬಟರ್ ಮಸಾಲ ಚುಕ್ಕಿ ಚುಕ್ಕಿ 180, ಕಾಫಿ ಚುಕ್ಕಿ ಚುಕ್ಕಿ 20. ಓದುಬರಹ ಬಲ್ಲ ಯಾರೇ ಆದರೂ ತಪ್ಪಿಲ್ಲದೆ ಓದುವ ಇದನ್ನು ಯಂತ್ರ ಯಾಕೆ ಹೀಗೆ ಕಲಸಿತು ಎಂದು ಹುಡುಕಲು ಹೋಗಿ ನನಗೆ ಎರಡು ಸಂಜೆ ಹಿಡಿಯಿತು. ಕೊನೆಗೆ ಎಲ್ಲಕ್ಕೂ ಕಾರಣವಾಗಿ ಸಿಕ್ಕಿದ್ದು ಆ ಚುಕ್ಕಿಗಳು. ಪರಿಹಾರವಾಗಿ ಸಿಕ್ಕಿದ್ದೂ ಅವೇ.

ಈ ಚುಕ್ಕಿ ಸಾಲಿಗೆ ಅಚ್ಚಿನ ಮನೆಯವರು ಲೀಡರ್ ಎನ್ನುತ್ತಾರೆ. ಕಣ್ಣನ್ನು ಕೈಹಿಡಿದು ಆ ತುದಿಗೆ ಕರೆದೊಯ್ಯುವುದು ಅದರ ಕೆಲಸ, ಹೆಸರು ಬಂದದ್ದೂ ಅದರಿಂದಲೇ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಎರಡು ಮೂರು ಚುಕ್ಕಿಗಳನ್ನು ಒಟ್ಟಿಗೆ ಎರಕ ಹೊಯ್ದ ಮೊಳೆಗಳೇ ಬೇರೆ ಇರುತ್ತಿದ್ದವು. ಪುಸ್ತಕದ ಪರಿವಿಡಿ, ರಸೀದಿ ಪುಸ್ತಕ, ಹೋಟೆಲಿನ ಪಟ್ಟಿ ಎಲ್ಲಕ್ಕೂ ಅವೇ. ಕಂಪ್ಯೂಟರು ಬಂದ ಮೇಲೆ ಟ್ಯಾಬ್ ಒತ್ತಿದರೆ ತಾನಾಗಿಯೇ ಚುಕ್ಕಿ ತುಂಬಿಕೊಳ್ಳುವ ಸೌಕರ್ಯ ಬಂತು. ಆದರೂ ಫುಲ್‌ಸ್ಟಾಪ್ ಕೀಲಿಯನ್ನೇ ಒತ್ತಿ ಹಿಡಿದು ಬೆಲೆಯ ತನಕ ಚುಕ್ಕಿ ಹೊಡೆದುಕೊಂಡು ಹೋಗುವ ಡಿಟಿಪಿಯವರೇ ನಮ್ಮಲ್ಲಿ ಹೆಚ್ಚು. ಕಾರ್ಡು ಯಾವ ಬಗೆಯದೆಂದು ಬೆಲೆಗಳ ಬಲ ಅಂಚು ನೋಡಿದರೆ ತಿಳಿಯುತ್ತದೆ. ದಾರ ಹಿಡಿದು ಗೆರೆ ಹಾಕಿದ ಹಾಗೆ ನೇರವಾಗಿದ್ದರೆ ಟ್ಯಾಬು, ಹಲ್ಲುಹಲ್ಲಾಗಿದ್ದರೆ ಕೈಯಿಂದ ಒತ್ತಿದ್ದು. ಭಾವನ ಪುಣ್ಯಕ್ಕೆ ಅವರದು ಟ್ಯಾಬಿನ ಕಾರ್ಡು.

ಈಗ ಯಂತ್ರದ ಕಣ್ಣಿನಿಂದ ಅದನ್ನು ನೋಡೋಣ. ಮೊಬೈಲಿನ ಫೋಟೋದಲ್ಲಿ ಕಾರ್ಡಿನ ಅಗಲ ಸುಮಾರು 2600 ಪಿಕ್ಸೆಲ್ ಬಂದಿತ್ತು. ಎ4 ಹಾಳೆಯ ಅಗಲ 210 ಮಿಲಿಮೀಟರ್, ಹಾಗಾಗಿ ಒಂದು ಮಿಲಿಮೀಟರಿಗೆ ಹನ್ನೆರಡು ಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು. ಇಂಗ್ಲಿಷಿನವರು ಇಂಚಿಗೆ 300 ಪಿಕ್ಸೆಲ್ ಇರಲಿ ಎನ್ನುವ ಲೆಕ್ಕಕ್ಕೆ ಇದು ಸರಿಯಾಗಿಯೇ ಇದೆ. ಅಕ್ಷರಗಳು 30 ಪಿಕ್ಸೆಲ್ ಎತ್ತರ, ಚುಕ್ಕಿಗಳು ಬರೀ 4 ಪಿಕ್ಸೆಲ್.

ಓದುವ ಮೊದಲು ಇಂಥ ತಂತ್ರಾಂಶಗಳು ಚಿತ್ರವನ್ನು ತೊಳೆಯುತ್ತವೆ. ಬಣ್ಣವನ್ನೆಲ್ಲ ತೆಗೆದು ಬರೀ ಕಪ್ಪು ಬಿಳುಪು ಮಾಡುವುದು ಮೊದಲ ಕೆಲಸ. ಎಷ್ಟು ಕಪ್ಪಾದರೆ ಕಪ್ಪು ಎಂದು ಗೆರೆ ಎಳೆಯಲು ಜಪಾನಿನ ನೊಬುಯುಕಿ ಒತ್ಸು 1979ರಲ್ಲಿ ಕೊಟ್ಟ ಲೆಕ್ಕವನ್ನೇ ಇವತ್ತಿಗೂ ಬಳಸುತ್ತಾರೆ. ಆಮೇಲೆ ಧೂಳು ಒರೆಸುವುದು. ಕಾಗದದ ಮೇಲಿನ ಕಸ, ನೊಣದ ಕಲೆ, ಲ್ಯಾಮಿನೇಷನ್ನಿನ ಗೀರು ಇವೆಲ್ಲ ಪುಟ್ಟ ಪುಟ್ಟ ಕಪ್ಪು ಚುಕ್ಕೆಗಳಾಗಿ ಉಳಿದಿರುತ್ತವಲ್ಲ, ಇಷ್ಟಕ್ಕಿಂತ ಸಣ್ಣದಾದ ಯಾವುದೂ ಅಕ್ಷರವಲ್ಲ ಎಂದು ಅವನ್ನು ಗುಡಿಸಿಬಿಡುವುದು. ನಾಲ್ಕು ಪಿಕ್ಸೆಲ್ಲಿನ ನಮ್ಮ ಚುಕ್ಕಿಗಳು ಈ ಪೊರಕೆಗೆ ಸಿಕ್ಕಿ ಹೋದವು. ನಾನೇ ಗುಡಿಸಿದ್ದು. ಚಿತ್ರ ಎಷ್ಟು ಸ್ವಚ್ಛವಾಯಿತಲ್ಲ ಎಂದು ಖುಷಿಯನ್ನೂ ಪಟ್ಟಿದ್ದೆ.

ಸಾಲುಗಂಬಗಳನ್ನು ಯಂತ್ರ ಬಿಡಿಸುವುದು ಇದಾದ ಮೇಲೆ. ಅದಕ್ಕೆ ತಿಂಡಿ ಗೊತ್ತಿಲ್ಲ, ಊಟ ಗೊತ್ತಿಲ್ಲ. ಗೊತ್ತಿರುವುದು ಬಿಳಿ ಜಾಗ ಮಾತ್ರ. ಪುಟದ ಮೇಲಿನಿಂದ ಕೆಳಗಿನವರೆಗೆ ಏನೂ ಅಡ್ಡ ಬಾರದ ಬಿಳಿ ಓಣಿಗಳನ್ನು ಹುಡುಕಿ, ಎಲ್ಲಕ್ಕಿಂತ ಅಗಲವಾದದ್ದರಲ್ಲಿ ಕತ್ತರಿ ಹಾಕುತ್ತದೆ. ಆಮೇಲೆ ಪ್ರತಿ ತುಂಡಿನಲ್ಲೂ ಅಡ್ಡಡ್ಡ ಓಣಿ ಹುಡುಕುತ್ತದೆ. 1984ರಲ್ಲಿ ಜಾರ್ಜ್ ನಾಗಿ ಮತ್ತು ಶರದ್ ಸೇಠ್ ವಿವರಿಸಿದ ಈ ಉಪಾಯ ಸರಳ, ಪತ್ರಿಕೆಯ ಪುಟಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಮೆನು ಕಾರ್ಡಿಗೆ ಒಗ್ಗುವುದಿಲ್ಲ, ಯಾಕೆಂದರೆ ಮೆನುವಿನಲ್ಲಿ ಎರಡು ಬಗೆಯ ಓಣಿಗಳಿವೆ.

ಒಂದು, ಕಂಬಕ್ಕೂ ಕಂಬಕ್ಕೂ ನಡುವಿನ ಓಣಿ. ಭಾವನ ಕಾರ್ಡಿನಲ್ಲಿ ಇದು ಏಳು ಮಿಲಿಮೀಟರ್, ಅಂದರೆ 90 ಪಿಕ್ಸೆಲ್. ಇನ್ನೊಂದು, ಕಂಬದೊಳಗೇ ಹೆಸರಿಗೂ ಬೆಲೆಗೂ ನಡುವಿನದು. ಅತಿ ಉದ್ದದ ಹೆಸರು 380ನೆಯ ಪಿಕ್ಸೆಲ್ಲಿಗೆ ಮುಗಿಯುತ್ತದೆ, ಬೆಲೆ 680ರಲ್ಲಿ ಶುರು. ಚುಕ್ಕಿಗಳು ಇರುವವರೆಗೆ ಅಲ್ಲಿ ಓಣಿಯೇ ಇಲ್ಲ, ಹದಿನಾರು ಸಾಲು ಚುಕ್ಕಿಗಳು ಬೇಲಿ ಹಾಕಿ ನಿಂತಿವೆ. ಗುಡಿಸಿದ ಕೂಡಲೇ 300 ಪಿಕ್ಸೆಲ್ಲಿನ ರಾಜಬೀದಿ ತೆರೆದುಕೊಂಡಿತು. ಯಂತ್ರ ಅಗಲವಾದದ್ದನ್ನೇ ಆರಿಸಿತು. ಇಡ್ಲಿ ಒಂದು ತುಂಡಿನಲ್ಲಿ ಉಳಿಯಿತು. ಅದರ 40, ಪಕ್ಕದಲ್ಲೇ 90 ಪಿಕ್ಸೆಲ್ ದೂರದಲ್ಲಿದ್ದ ಪನೀರ್ ಬಟರ್ ಮಸಾಲದ ಜೊತೆ ಸಂಸಾರ ಹೂಡಿತು. ಪನೀರಿನ 180 ಹೋಗಿ ಕಾಫಿಯ ತಲೆಗೆ ಬಂತು. ಕಾಫಿಯ 20 ಅನಾಥವಾಯಿತು. ಒಂದು ಮನೆ ಆಚೆಗೆ ಸರಿದ ಈ ಲೆಕ್ಕ ಪುಟದ ತುಂಬ ಒಂದೇ ತೆರ. ಬೆಲೆ ಒಂದಾದರೂ ತಪ್ಪಾಗಿ ಓದಿರಲಿಲ್ಲ, ಎಲ್ಲ ಅಂಕಿಯೂ ಸರಿಯಾಗಿದ್ದವು. ಇಂಥ ತಪ್ಪು ಕಣ್ಣಿಗೆ ಬೀಳುವುದು ಕಷ್ಟ. ಕಾಫಿಯ ಜಾಗದಲ್ಲಿ ಒಂದು ಜ್ಯೂಸು ಇದ್ದಿದ್ದರೆ ಭಾವನೂ ಒಪ್ಪಿಕೊಂಡುಬಿಡುತ್ತಿದ್ದರೋ ಏನೋ.

ಹಾಗಾದರೆ ಚುಕ್ಕಿಗಳನ್ನು ಇರುವ ಹಾಗೇ ಬಿಟ್ಟರೆ? ಅದನ್ನೂ ನೋಡಿದೆ. ನಾನು ಬಳಸಿದ್ದು ಟೆಸೆರಾಕ್ಟ್ ಎನ್ನುವ ಉಚಿತ ತಂತ್ರಾಂಶ. ಎಚ್‌ಪಿ ಕಂಪನಿಯಲ್ಲಿ 1985ರಿಂದ 1994ರವರೆಗೆ ಬೆಳೆದು, 2005ರಲ್ಲಿ ಎಲ್ಲರಿಗೂ ತೆರೆದುಕೊಂಡದ್ದು. ಕನ್ನಡವನ್ನೂ ಓದುತ್ತದೆ. ಈಗಿನ ಆವೃತ್ತಿ ಅಕ್ಷರವನ್ನು ಬಿಡಿಬಿಡಿಯಾಗಿ ಗುರುತಿಸುವುದಿಲ್ಲ, ಇಡೀ ಸಾಲನ್ನು ಎಡದಿಂದ ಬಲಕ್ಕೆ ಸವರುತ್ತ ಅಕ್ಕಪಕ್ಕದ ಆಧಾರದಿಂದ ಊಹಿಸುತ್ತ ಹೋಗುತ್ತದೆ. ಮಾತುಗಳಿರುವ ಸಾಲಿಗೆ ಇದು ಒಳ್ಳೆಯದೇ. ಮುಕ್ಕಾಲು ಪಾಲು ಚುಕ್ಕಿಯೇ ಆದ ಸಾಲಿನಲ್ಲಿ ಊಹಿಸಲು ಏನಿದೆ? ಇಂಗ್ಲಿಷಿಗೆ ಇಟ್ಟರೆ ಅಲ್ಲಿ `cceeeees` ಎಂಬಂಥ ಅರ್ಥವಿಲ್ಲದ ಗುನುಗು ಬರುತ್ತದೆ. ಕನ್ನಡಕ್ಕೆ ಇಟ್ಟರೆ ಚುಕ್ಕಿಗಳು ಸೊನ್ನೆಗಳಾಗುತ್ತವೆ.

ಸೊನ್ನೆಯದು ನಮ್ಮದೇ ಆದ ತಾಪತ್ರಯ, ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ ಒಂದು ದುಂಡಗಿನ ಗುರುತಿಗೆ ಎರಡು ಕೆಲಸ. ಅನುಸ್ವಾರವೂ ಅದೇ, ಅಂಕಿಯ ಸೊನ್ನೆಯೂ ಅದೇ. ಕಂಪ್ಯೂಟರಿನ ಒಳಗೆ ಎರಡಕ್ಕೂ ಬೇರೆ ಬೇರೆ ಸಂಕೇತವಿದೆ, ಅನುಸ್ವಾರಕ್ಕೆ `U+0C82`, ಅಂಕಿಗೆ `U+0CE6`. ಕಾಗದದ ಮೇಲೆ ಮಾತ್ರ ಎರಡೂ ಒಂದೇ ಉಂಗುರ. ಈಗ 'ರಸಂ' ಎಂಬ ಹೆಸರನ್ನು ತೆಗೆದುಕೊಳ್ಳಿ. ಉಂಗುರದಿಂದಲೇ ಮುಗಿಯುತ್ತದೆ, ಮುಂದೆ ಚುಕ್ಕಿಗಳ ಸಾಲು, ಆಮೇಲೆ ಬೆಲೆ 25. ಚಿತ್ರ ಒಂಚೂರು ಮಸುಕಾದರೆ ಹೆಸರು ಎಲ್ಲಿ ಮುಗಿಯಿತು, ಚುಕ್ಕಿ ಎಲ್ಲಿ ಶುರುವಾಯಿತು, ಬೆಲೆಗೆ ಸೇರಿದ ಸೊನ್ನೆ ಯಾವುದು ಎಂಬುದೆಲ್ಲ ಅದರ ಮರ್ಜಿಗೆ ಬಿಟ್ಟದ್ದು. ಐಸ್‌ಕ್ರೀಂಗೂ ಅದೇ ಗತಿ. ಬರ್ಫಿಯದು ಇನ್ನೂ ಚೆಂದ. ಅರ್ಕಾವತ್ತು ಅಕ್ಷರದ ಬಲಕ್ಕೆ ಬಂದು ಕೂರುತ್ತದೆ, ನೋಡಲು ಕನ್ನಡದ ಒಂಬತ್ತರ ಹಾಗೆಯೇ ಇರುತ್ತದೆ. 'ಅಂಕಿ ಕಂಡ ಕಡೆ ಹೆಸರು ಮುಗಿಯಿತು' ಎಂದು ನಾನು ಬರೆದಿದ್ದ ನಿಯಮ ಬರ್ಫಿಯನ್ನು 'ಬಫಿ' ಮಾಡಿ ೯ನ್ನು ಬೆಲೆಯ ಕಡೆಗೆ ತಳ್ಳಿತ್ತು.

ಇಟ್ಟರೂ ಕಷ್ಟ, ತೆಗೆದರೂ ಕಷ್ಟ. ದಾರಿ ಇರುವುದು ಎರಡರ ನಡುವೆ. ಚುಕ್ಕಿಗಳನ್ನು ಮೊದಲು ಹುಡುಕಬೇಕು, ಯಾವ ಸಾಲು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಬರೆದಿಟ್ಟುಕೊಳ್ಳಬೇಕು, ಆಮೇಲೆ ಅಳಿಸಬೇಕು. ಬಟ್ಟೆಗೆ ಟಾಕು ಹಾಕಿ, ಹೊಲಿಗೆ ಬಿದ್ದ ಮೇಲೆ ಟಾಕಿನ ದಾರ ಬಿಚ್ಚುವ ದರ್ಜಿಯ ಕೆಲಸವೇ ಇದು.

ಅದಕ್ಕೂ ಮುಂಚೆ ಫೋಟೋವನ್ನು ನೆಟ್ಟಗೆ ಮಾಡಬೇಕು. ಕೈಯಲ್ಲಿ ಹಿಡಿದು ತೆಗೆದ ಚಿತ್ರ ಎರಡು ಡಿಗ್ರಿ ವಾಲಿರುವುದು ಸಾಮಾನ್ಯ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. 740 ಪಿಕ್ಸೆಲ್ ಅಗಲದ ಒಂದು ಕಂಬದೊಳಗೆ ಅಷ್ಟು ವಾಲಿದರೆ ಎತ್ತರದಲ್ಲಿ 26 ಪಿಕ್ಸೆಲ್ ವ್ಯತ್ಯಾಸ. ಸಾಲಿನಿಂದ ಸಾಲಿಗೆ 62 ಪಿಕ್ಸೆಲ್ ಅಂತರವಿರುವುದರಿಂದ ಅದು ನಡೆಯುತ್ತದೆ. ಪುಟದ ಪೂರ್ತಿ ಅಗಲಕ್ಕೆ ಅದೇ 91 ಪಿಕ್ಸೆಲ್ ಆಗುತ್ತದೆ, ಒಂದು ಸಾಲಿಗಿಂತ ಹೆಚ್ಚು. ಇಡ್ಲಿಯ ಎತ್ತರದಲ್ಲಿ ಮೂರನೆಯ ಕಂಬದಲ್ಲಿ ಬೇರೆ ಸಾಲು ಬಂದು ನಿಂತಿರುತ್ತದೆ. ಕಾರ್ಡನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಮಲಗಿಸಿ, ಫ್ಲ್ಯಾಶ್ ಆರಿಸಿ, ಮೊಬೈಲನ್ನು ನೇರ ಮೇಲಿನಿಂದ ಹಿಡಿದು ಎರಡನೆಯ ಸಲ ತೆಗೆದೆ. ಮೊದಲನೆಯದನ್ನು ಭಾವ ವಾಟ್ಸಾಪಿನಲ್ಲಿ ಕಳಿಸಿದ್ದರು. ಅಲ್ಲಿಂದ ಬರುವಷ್ಟರಲ್ಲಿ ಅದು ಕುಗ್ಗಿ 1600 ಪಿಕ್ಸೆಲ್ ಎತ್ತರಕ್ಕೆ ಇಳಿದಿತ್ತು, ಚುಕ್ಕಿಗಳು ಎರಡು ಪಿಕ್ಸೆಲ್ಲೂ ಇರದೆ ಒಂದಕ್ಕೊಂದು ಹತ್ತಿಕೊಂಡು ಬೂದು ಗೆರೆಯಾಗಿದ್ದವು. ಅಂಥ ಚಿತ್ರದ ಮೇಲೆ ಮುಂದಿನ ಯಾವ ಉಪಾಯವೂ ನಡೆಯುವುದಿಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಬೇಕು.

ಚುಕ್ಕಿಯನ್ನು ಚುಕ್ಕಿಯೆಂದು ಗುರುತಿಸುವುದು ಹೇಗೆ? ಕಪ್ಪು ತುಣುಕುಗಳಲ್ಲಿ ಅಕ್ಷರದ ಎತ್ತರದ ಕಾಲು ಭಾಗಕ್ಕಿಂತ ಚಿಕ್ಕವನ್ನೆಲ್ಲ ಆರಿಸಿಟ್ಟೆ. ಅವುಗಳಲ್ಲಿ ಧೂಳೂ ಇತ್ತು, 'ರೂ.' ಎಂಬುದರ ಫುಲ್‌ಸ್ಟಾಪೂ ಇತ್ತು. ಲೀಡರಿನ ಗುಣ ಬೇರೆ, ಅದು ಒಂಟಿಯಾಗಿ ಬರುವುದಿಲ್ಲ. ಒಂದೇ ಎತ್ತರದಲ್ಲಿ, ಒಂದೇ ಗಾತ್ರದಲ್ಲಿ, ಸಮ ಅಂತರದಲ್ಲಿ ಐದಾದರೂ ಚುಕ್ಕಿ ಸಾಲಾಗಿ ನಿಂತಿದ್ದರೆ ಮಾತ್ರ ಅದನ್ನು ಸರಪಳಿ ಎಂದು ಒಪ್ಪಿದೆ. ಧೂಳಿಗೆ ಅಷ್ಟು ಶಿಸ್ತಿಲ್ಲ. ಇಷ್ಟಾದರೆ ಅರ್ಧ ಕೆಲಸ ಮುಗಿದ ಹಾಗೆ. ಸರಪಳಿಯ ಎಡತುದಿಗೆ ತಾಗಿರುವುದು ಹೆಸರು, ಬಲತುದಿಗೆ ತಾಗಿರುವುದು ಬೆಲೆ. 'ರಸಂ'ನ ಉಂಗುರ ಸರಪಳಿಯ ಆಚೆಗೆ, ಹೆಸರಿನ ಪಾಲಿಗೆ ಬಿತ್ತು. ಬರ್ಫಿಯ ಅರ್ಕಾವತ್ತೂ ಹಾಗೆಯೇ ಮನೆಗೆ ಬಂತು.

ಎಲ್ಲ ಸರಪಳಿಗಳ ಬಲತುದಿಗಳನ್ನು ಒಟ್ಟಿಗೆ ನೋಡಿದರೆ ಅವು ಮೂರು ಜಾಗದಲ್ಲಿ ಗುಂಪುಗಟ್ಟಿದ್ದವು. ಮೂರು ಗುಂಪೆಂದರೆ ಮೂರು ಕಂಬ. ಬಿಳಿ ಓಣಿಯನ್ನು ಹುಡುಕುವ ಗೊಡವೆಯೇ ಬೇಡವಾಯಿತು. ಬೆಲೆಯ ಆಚೆಗಿನ 90 ಪಿಕ್ಸೆಲ್ ಜಾಗದಲ್ಲಿ ಕತ್ತರಿಸಿ, ಚುಕ್ಕಿಗಳ ಮೇಲೆ ಬಿಳಿ ಬಳಿದು, ಒಂದೊಂದು ಕಂಬವನ್ನೂ ಬೇರೆ ಚಿತ್ರ ಮಾಡಿ ಓದಿಸಿದೆ:

```
tesseract kamba1.png kamba1 -l kan+eng --psm 6 tsv
```

ಇಲ್ಲಿ `kan+eng` ಎಂದರೆ ಕನ್ನಡ, ಇಂಗ್ಲಿಷ್ ಎರಡನ್ನೂ ಓದು ಎಂದು. `--psm 6` ಎಂದರೆ ಇದನ್ನು ಒಂದೇ ಗಡ್ಡೆಯಾಗಿ ಓದು, ನೀನೇ ಕಂಬ ಹುಡುಕಲು ಹೋಗಬೇಡ ಎಂದು. ಕೊನೆಯ `tsv`ಯಿಂದ ಪ್ರತಿ ಪದದ ಜೊತೆಗೆ ಅದು ಚಿತ್ರದಲ್ಲಿ ಎಲ್ಲಿತ್ತು, ಓದಿದ್ದರ ಮೇಲೆ ಯಂತ್ರಕ್ಕೆ ನೂರಕ್ಕೆ ಎಷ್ಟು ಭರವಸೆ ಎಂಬುದೂ ಬರುತ್ತದೆ. ಪದ ಇದ್ದ ಜಾಗವನ್ನು ನಾನು ಬರೆದಿಟ್ಟುಕೊಂಡ ಸರಪಳಿಗೆ ತಾಳೆ ಹಾಕಿದರೆ ಹೆಸರು, ಬೆಲೆ ಜೋಡಿಯಾಗುತ್ತವೆ.

ಬೆಲೆಯ ಕಡೆ ಇನ್ನೆರಡು ಕೀಟಲೆಗಳಿದ್ದವು. ನಮ್ಮವರು 40 ಎಂದು ಬರೆದು ಸುಮ್ಮನಾಗುವುದಿಲ್ಲ, ಮುಂದೆ ಯಾರೂ ಸೊನ್ನೆ ಸೇರಿಸದಿರಲೆಂದು 40/- ಎಂದು ಮುದ್ರೆ ಒತ್ತುತ್ತಾರೆ. ಆ ಓರೆಗೆರೆ ಯಂತ್ರದ ಕಣ್ಣಿಗೆ ಒಂದು ಎಂಬ ಅಂಕಿ, 40 ಹೋಗಿ 401 ಆಗುತ್ತದೆ. ರೂಪಾಯಿ ಚಿಹ್ನೆ 2010ರಲ್ಲಿ ಬಂದದ್ದು, ಅದನ್ನು ಹಾಕಿದ ಕಾರ್ಡುಗಳಲ್ಲಿ ಚಿಹ್ನೆಯನ್ನೇ 2 ಎಂದೋ 7 ಎಂದೋ ಓದಿ 40ನ್ನು 240 ಮಾಡುವುದುಂಟು. ಹಿಡಿಯುವುದು ಸುಲಭ. ಇಂಥ ಹೋಟೆಲಿನ ಬೆಲೆಗಳೆಲ್ಲ ಐದರಿಂದ ಭಾಗವಾಗುತ್ತವೆ, ಹಾಗಾಗಿ 401 ತಾನಾಗಿಯೇ ಸಿಕ್ಕಿಬೀಳುತ್ತದೆ. 240 ಸಿಕ್ಕುವುದಿಲ್ಲ. ಅದಕ್ಕೆ ಕಂಬದ ಎಲ್ಲ ಬೆಲೆಯೂ ಒಂದೇ ಅಂಕಿಯಿಂದ ಶುರುವಾಗುತ್ತಿದೆಯೇ ಎಂದು ನೋಡಬೇಕು. ಉದ್ದಿನವಡೆಯಿಂದ ಊಟದವರೆಗೆ ಎಲ್ಲಕ್ಕೂ ಮುಂದೆ 2 ಇದ್ದರೆ ಅದು ಬೆಲೆಯಲ್ಲ, ಚಿಹ್ನೆ.

ಮೂರು ಕಂಬಕ್ಕೆ ಹದಿನಾರರಂತೆ 48 ಸರಪಳಿ ಸಿಗಬೇಕಿತ್ತು. ಸಿಕ್ಕಿದ್ದು 45. ಹೀಗೆ ಎಣಿಸಿ ನೋಡುವುದೇ ಈ ಕೆಲಸದ ನಿಜವಾದ ಪರೀಕ್ಷೆ. ಪಟ್ಟಿ ನೋಡಿದರೆ ಎಲ್ಲ ಸರಿಯಾಗಿರುವ ಹಾಗೇ ಕಾಣುತ್ತದೆ, ಇಲ್ಲದಿರುವುದು ಕಾಣುವುದಿಲ್ಲ. ತಪ್ಪಿಸಿಕೊಂಡವುಗಳಲ್ಲಿ ಒಂದು 'ಸ್ಪೆಷಲ್ ನಾರ್ತ್ ಇಂಡಿಯನ್ ಊಟ'. ಹೆಸರು ಎರಡು ಸಾಲಿಗೆ ಹರಿದು, ಎರಡನೆಯ ಸಾಲಿನ ಕೊನೆಗೆ ಮೂರೇ ಚುಕ್ಕಿಗೆ ಜಾಗ ಉಳಿದಿತ್ತು, ನನ್ನ ಐದರ ನಿಯಮಕ್ಕೆ ಸಾಲಲಿಲ್ಲ. ಇನ್ನೊಂದರ ಮೇಲೆ ಲ್ಯಾಮಿನೇಷನ್ ಉಬ್ಬಿ ಕಿಟಕಿಯ ಬೆಳಕು ಹೊಳೆದು ಅರ್ಧ ಸಾಲು ಬೆಳ್ಳಗಾಗಿತ್ತು. ಮೂರನೆಯದು ಪೂರಿ ಸಾಗು. ದರ ಏರಿಸಿದಾಗ ಹಳೆಯ ಬೆಲೆಯ ಮೇಲೆ ಬಿಳಿ ಚೀಟಿ ಅಂಟಿಸಿದ್ದರು, ಚೀಟಿ ಚುಕ್ಕಿಗಳನ್ನೂ ನುಂಗಿತ್ತು. ಬೇರೆ ಸಾಲುಗಳಿಂದ ಬೆಲೆ ಇರುವ ಜಾಗ ಗೊತ್ತಿದ್ದುದರಿಂದ ಮೂರನ್ನೂ ಅಲ್ಲಿ ಹುಡುಕಿ ಹಿಡಿಯಬಹುದಿತ್ತು. ಅಷ್ಟು ನಿಯಮ ಬರೆಯುವ ಬದಲು ಕೈಯಲ್ಲೇ ಟೈಪ್ ಮಾಡಿದೆ. ಒಂದೇ ಕಾರ್ಡಿಗೆ ಅದೇ ಜಾಣತನ.

ನೂರಾರು ಕಾರ್ಡುಗಳಾದರೆ? ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಹೋಟೆಲ್ ಮೆನುಗಳದೇ ಒಂದು ದೊಡ್ಡ ಸಂಗ್ರಹವಿದೆ. ಫ್ರ್ಯಾಂಕ್ ಬಟಾಲ್ಫ್ ಎಂಬ ಮಹಿಳೆ (ಹೆಸರು ಗಂಡಸಿನದಾದರೂ ಹೆಂಗಸೇ) 1900ರ ಆಸುಪಾಸಿನಿಂದ ಶುರುಮಾಡಿ 1924ರವರೆಗೆ ಸುಮಾರು 25,000 ಮೆನು ಕೂಡಿಸಿಕೊಟ್ಟರು. 2011ರಲ್ಲಿ ಗ್ರಂಥಾಲಯ ಅವುಗಳ ಚಿತ್ರಗಳನ್ನು ಜನರ ಮುಂದಿಟ್ಟು, ತಿಂಡಿಯ ಹೆಸರು, ಬೆಲೆ ಎರಡನ್ನೂ ಟೈಪ್ ಮಾಡಿಕೊಡಿ ಎಂದು ಕೇಳಿತು. ಯಂತ್ರಕ್ಕೆ ಬಿಡಲಿಲ್ಲ. ಅಲಂಕಾರದ ಅಕ್ಷರ, ಕೈಬರಹ, ಮೂರು ನಾಲ್ಕು ಕಂಬಗಳು, ಅಲ್ಲಲ್ಲಿ ಚುಕ್ಕಿ, ಅಲ್ಲಲ್ಲಿ ಬರೀ ಖಾಲಿ ಜಾಗ. ಊರೂರಿನ ಸ್ವಯಂಸೇವಕರು ಕೂತು ಹತ್ತು ಲಕ್ಷಕ್ಕೂ ಹೆಚ್ಚು ಐಟಂಗಳನ್ನು ಒಂದೊಂದಾಗಿ ಬರೆದರು.

ಇತ್ತೀಚೆಗೆ ದೊಡ್ಡ ರೆಸ್ಟೋರೆಂಟುಗಳು ಚುಕ್ಕಿ ಸಾಲನ್ನೇ ಕೈಬಿಡುತ್ತಿವೆ. ಮೆನು ವಿನ್ಯಾಸ ಮಾಡುವವರ ಪ್ರಕಾರ ಚುಕ್ಕಿ ಹಿಡಿದು ಹೋದ ಕಣ್ಣು ಸೀದಾ ಬೆಲೆಗೆ ಹೋಗಿ, ಮೇಲಿನಿಂದ ಕೆಳಗೆ ಅಗ್ಗದ್ದು ಯಾವುದೆಂದು ಹುಡುಕುತ್ತದೆ. ಅದಕ್ಕೇ ತಿಂಡಿಯ ವರ್ಣನೆ ಮುಗಿದ ಕಡೆ, ಅದೇ ಗಾತ್ರದ ಅಕ್ಷರದಲ್ಲಿ ಬೆಲೆಯನ್ನು ಬಚ್ಚಿಡುತ್ತಾರೆ. ನನ್ನ ಸರಪಳಿ ಉಪಾಯಕ್ಕೆ ಅಂಥ ಕಾರ್ಡಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಬಸ್‌ಸ್ಟ್ಯಾಂಡಿನ ಎದುರು ಬಂದು ಕೂರುವವನಿಗೆ ಮಾತ್ರ ಅಗ್ಗದ್ದು ಯಾವುದೆಂದು ಮೊದಲು ಗೊತ್ತಾಗಬೇಕು, ಭಾವನ ಕಾರ್ಡು ಅವನಿಗಾಗಿ ಮಾಡಿದ್ದು.

ಪಟ್ಟಿ ತೆಗೆದುಕೊಂಡು ಹೋಗಿ ಕೊಟ್ಟೆ. ಭಾವ ಗಲ್ಲಾದಲ್ಲಿ ಕೂತು ಬೆರಳಿಟ್ಟು 48 ಸಾಲನ್ನೂ ಓದಿದರು. ಕಾಫಿಯ ಹತ್ತಿರ ಬಂದು ನಿಂತರು.

"20 ಅಂತ ಬಂದಿದೆಯಲ್ಲೋ."

"ಕಾರ್ಡಲ್ಲಿ ಇರೋದೇ ಅಷ್ಟು ಭಾವ. ನೀವೇ ನೋಡಿ."

ಅವರು ಮೇಜಿನ ಮೇಲಿದ್ದ ಇನ್ನೊಂದು ಕಾರ್ಡು ಎತ್ತಿ ತೋರಿಸಿದರು. ಅದರಲ್ಲಿ 20ನ್ನು ಬಾಲ್‌ಪೆನ್ನಿನಲ್ಲಿ ಹೊಡೆದು ಪಕ್ಕದಲ್ಲಿ 25 ಎಂದು ಬರೆದಿತ್ತು. ಹನ್ನೆರಡು ಕಾರ್ಡಿನಲ್ಲೂ ಹಾಗೆ ತಿದ್ದಿದ್ದರಂತೆ. ಫೋಟೋಗೆಂದು ನನಗೆ ಕೊಟ್ಟದ್ದು, ನೀಟಾಗಿರಲಿ ಅಂತ ಎತ್ತಿಟ್ಟಿದ್ದ ಹದಿಮೂರನೆಯದು.